ಹೆರಿಗೆ ರಜೆಯಲ್ಲೇ ರಾಜೀನಾಮೆ: ಲತಾಳ ಪತ್ರ ನಾಲ್ಕು ಸಲ ಬದಲಾದ ಕಥೆ

2024ರ ಜುಲೈ ಎರಡನೇ ವಾರ. ನಮ್ಮ ವಿಜಯನಗರದ ಮನೆಯ ಮೇಲಿನ ಮಹಡಿಯಲ್ಲಿರುವ ಹುಡುಗಿ ಕೈಯಲ್ಲಿ ಒಂದು ಹಾಳೆ ಹಿಡಿದು ಕೆಳಗೆ ಬಂದಳು. ಅವಳನ್ನು ಇಲ್ಲಿ ಲತಾ ಅಂತ ಕರೆಯುತ್ತೇನೆ, ನಿಜವಾದ ಹೆಸರು ಬೇರೆ. ಬಾಣಂತಿ ಕೋಣೆಯ ಸಾಂಬ್ರಾಣಿ ವಾಸನೆ ಅವಳ ಸೀರೆಗೆ ಇನ್ನೂ ಅಂಟಿಕೊಂಡಿತ್ತು. ಹಾಳೆಯ ಮೂಲೆಯಲ್ಲಿ ಮಗುವಿಗೆ ಹಚ್ಚುವ ಎಣ್ಣೆಯ ಕಲೆ ಇತ್ತು. "ಅಕ್ಕಾ, ಇದಕ್ಕೆ ಸೈನ್ ಹಾಕಿ ಕಳಿಸಿಬಿಡ್ಲಾ? ಒಂದ್ಸಲ ನೋಡಿ" ಅಂದಳು.

ನಾನು ಇಪ್ಪತ್ತು ವರ್ಷಕ್ಕಿಂತ ಜಾಸ್ತಿ ಸಂಬಳ ಪಟ್ಟಿ, ಪಿಎಫ್, ಗ್ರಾಚ್ಯುಟಿ ಲೆಕ್ಕದಲ್ಲೇ ಕಳೆದವಳು. ಹಾಗಾಗಿ ಬೀದಿಯಲ್ಲಿ ಯಾರು ಕೆಲಸ ಬಿಟ್ಟರೂ ಕಾಗದ ನನ್ನ ಹತ್ತಿರ ಬರುತ್ತದೆ. ಲತಾ ಒಂದು ಪತ್ತಿನ ಸಹಕಾರ ಸಂಘದಲ್ಲಿ ಲೆಕ್ಕಿಗಳು. ಅಲ್ಲಿ ಸುಮಾರು ಮೂವತ್ತು ಜನ ಸಿಬ್ಬಂದಿ, ಪತ್ರ ವ್ಯವಹಾರವೆಲ್ಲ ಕನ್ನಡದಲ್ಲೇ. ಅವಳು ತಂದ ಹಾಳೆಯನ್ನು ಸಂಘದ ಗುಮಾಸ್ತರೇ ವಾಟ್ಸಾಪಿನಲ್ಲಿ ಕಳಿಸಿದ್ದರು. ಅದರಲ್ಲಿ ಇದ್ದದ್ದು ಎರಡೇ ವಾಕ್ಯ:

"ವೈಯಕ್ತಿಕ ಕಾರಣಗಳಿಂದ ನಾನು ತಕ್ಷಣದಿಂದ ಜಾರಿಗೆ ಬರುವಂತೆ ನನ್ನ ಹುದ್ದೆಗೆ ರಾಜೀನಾಮೆ ನೀಡುತ್ತಿದ್ದೇನೆ. ಸಂಘದಿಂದ ನನಗೆ ಬರಬೇಕಾದ ಯಾವುದೇ ಬಾಕಿ ಇರುವುದಿಲ್ಲ."

ಕೆಲಸ ಬಿಡುವ ಕಾರಣ ಗಟ್ಟಿಯಾಗಿಯೇ ಇತ್ತು. ಅಮ್ಮನಿಗೆ ಮಂಡಿ ನೋವು, ಅತ್ತೆ ಊರಲ್ಲಿದ್ದಾರೆ, ಮಗುವನ್ನು ದಿನವಿಡೀ ನೋಡಿಕೊಳ್ಳಲು ಮನೆಯಲ್ಲಿ ಯಾರೂ ಇಲ್ಲ. ಆ ತೀರ್ಮಾನದ ಬಗ್ಗೆ ನಾನು ಮಾತಾಡಲಿಲ್ಲ. ಆದರೆ ಆ ಎರಡು ವಾಕ್ಯ ಓದಿ ನನಗೆ ನಿಜಕ್ಕೂ ಎದೆ ಧಸಕ್ಕೆಂದಿತು. ಮೊದಲನೇ ವಾಕ್ಯ ಅವಳ ರಜೆ ಸಂಬಳವನ್ನೂ ಗ್ರಾಚ್ಯುಟಿಯನ್ನೂ ಅಲ್ಲಾಡಿಸುತ್ತಿತ್ತು. ಎರಡನೆಯದು ಉಳಿದದ್ದನ್ನೆಲ್ಲ ಅವಳ ಕೈಯಿಂದಲೇ ಬರೆಸಿಕೊಳ್ಳುತ್ತಿತ್ತು.

"ಮೊದಲು ನಿನ್ನ ನೇಮಕಾತಿ ಆದೇಶ, ರಜೆ ಮಂಜೂರಾತಿ ಪತ್ರ, ಮಾರ್ಚ್ ತಿಂಗಳ ಸಂಬಳದ ಚೀಟಿ ತಗೊಂಡು ಬಾ" ಅಂದೆ.

ಆ ಕಾಗದಗಳಿಂದ ಸಿಕ್ಕ ವಿವರ ಹೀಗಿತ್ತು. ಕೆಲಸಕ್ಕೆ ಸೇರಿದ್ದು 2019ರ ಸೆಪ್ಟೆಂಬರ್ 2. ಹೆರಿಗೆ ರಜೆ ಶುರುವಾದದ್ದು 2024ರ ಏಪ್ರಿಲ್ 15, ಸೋಮವಾರ. ಮಗು ಹುಟ್ಟಿದ್ದು ಮೇ 20. ಮೊದಲ ಮಗು, ಆದ್ದರಿಂದ ರಜೆ ಪೂರ್ತಿ 26 ವಾರ. ಅಂದರೆ 182 ದಿನ, ಕೊನೆಯ ದಿನ ಅಕ್ಟೋಬರ್ 13. ಹೆರಿಗೆಗೆ ಮುಂಚೆ ಎಂಟು ವಾರಕ್ಕಿಂತ ಜಾಸ್ತಿ ತೆಗೆದುಕೊಳ್ಳುವ ಹಾಗಿಲ್ಲ. ಅವಳು ತೆಗೆದುಕೊಂಡಿದ್ದು ಐದು ವಾರ. ಹೆರಿಗೆಯ ನಿರೀಕ್ಷಿತ ದಿನಕ್ಕೆ ಹಿಂದಿನ ಹನ್ನೆರಡು ತಿಂಗಳಲ್ಲಿ 80 ದಿನ ಕೆಲಸ ಮಾಡಿರಬೇಕು ಅನ್ನುವ ಷರತ್ತನ್ನು ಅವಳು ಯಾವಾಗಲೋ ದಾಟಿದ್ದಳು. ತಿಂಗಳ ಒಟ್ಟು ಸಂಬಳ 36,000 ರೂಪಾಯಿ. ಅದರಲ್ಲಿ ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿ 20,800. ಕೆಲಸ ಬಿಡಲು ಒಂದು ತಿಂಗಳ ಮುಂಚಿತ ಸೂಚನೆ, ಇಲ್ಲವೇ ಒಂದು ತಿಂಗಳ ಸಂಬಳ.

ಈಗ ದಿನಾಂಕದ ಲೆಕ್ಕ ನೋಡಿ. ಜುಲೈ 15ಕ್ಕೆ ಪತ್ರ ಕೊಟ್ಟಳು ಅಂತಿಟ್ಟುಕೊಳ್ಳೋಣ. "ತಕ್ಷಣ" ಅನ್ನುವ ಮಾತು ಬಿಟ್ಟು ಒಂದು ತಿಂಗಳ ಸೂಚನೆ ಕೊಟ್ಟರೂ ಕೊನೆಯ ದಿನ ಆಗಸ್ಟ್ 14. ಆದರೆ ಐದು ವರ್ಷದ ಸೇವೆ ತುಂಬುವುದು ಸೆಪ್ಟೆಂಬರ್ 1ಕ್ಕೆ. ಕೆಲಸ ಬಿಟ್ಟವರಿಗೆ ಗ್ರಾಚ್ಯುಟಿ ಬರಬೇಕಾದರೆ ಆಗಿನ ಕಾಯ್ದೆಯಲ್ಲಿ ಐದು ವರ್ಷದ ನಿರಂತರ ಸೇವೆ ಬೇಕು. ಹದಿನೆಂಟು ದಿನ ಕಡಿಮೆ! ಲೆಕ್ಕದ ಸೂತ್ರ ಸುಲಭ: ಮೂಲ ವೇತನ ಮತ್ತು ತುಟ್ಟಿಭತ್ಯೆಯನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ಆಮೇಲೆ ವರ್ಷಗಳಿಂದ ಗುಣಿಸಬೇಕು. 20,800ನ್ನು 26ರಿಂದ ಭಾಗಿಸಿದರೆ 800. ಹದಿನೈದು ದಿನಕ್ಕೆ 12,000. ಐದು ವರ್ಷಕ್ಕೆ 60,000 ರೂಪಾಯಿ. ಅಷ್ಟು ಹಣ ಹದಿನೆಂಟು ದಿನದ ಆಚೆ ಕೂತಿತ್ತು.

ಇನ್ನು ರಜೆ ಸಂಬಳ. ಆಗಸ್ಟ್ 15ರಿಂದ ಅಕ್ಟೋಬರ್ 13ರವರೆಗೆ 60 ದಿನ. ದಿನಕ್ಕೆ ಸುಮಾರು 1,200 ರೂಪಾಯಿಯಂತೆ 72,000. ಇದು ಹೋಗಿಯೇಬಿಡುತ್ತಿತ್ತಾ? ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳಬೇಕು, ಯಾಕಂದರೆ ಜನ ಎರಡೂ ಕಡೆ ತಪ್ಪು ಹೇಳುತ್ತಾರೆ.

ಆಗ ಜಾರಿಯಲ್ಲಿದ್ದ 1961ರ ಹೆರಿಗೆ ಸೌಲಭ್ಯ ಕಾಯ್ದೆಯ ಪ್ರಕಾರ ರಜೆಯಲ್ಲಿರುವ ಹೆಂಗಸನ್ನು ಮಾಲೀಕರು ಕೆಲಸದಿಂದ ತೆಗೆಯುವಂತಿಲ್ಲ, ಅವಳ ಸೇವಾ ಷರತ್ತುಗಳನ್ನು ಅವಳಿಗೆ ನಷ್ಟವಾಗುವಂತೆ ಬದಲಿಸುವಂತಿಲ್ಲ. ಹೆರಿಗೆ ಆದ ಮೇಲೆ ಕೆಲಸಕ್ಕೆ ವಾಪಸ್ ಬಂದರೆ ಮಾತ್ರ ಸಂಬಳ ಅನ್ನುವ ಷರತ್ತು ಕಾಯ್ದೆಯಲ್ಲಿ ಎಲ್ಲೂ ಇಲ್ಲ. ಆದರೆ ರಜೆಯ ನಡುವೆ ಅವಳೇ ಕೆಲಸ ಬಿಟ್ಟರೆ ಉಳಿದ ವಾರಗಳ ಹಣ ಏನಾಗುತ್ತದೆ ಅಂತ ನೇರವಾಗಿ ಬರೆದ ಸಾಲೂ ಇಲ್ಲ. ಹಕ್ಕು ಹೆರಿಗೆಯಿಂದ ಹುಟ್ಟಿದ್ದು, ಹಾಗಾಗಿ ಪೂರ್ತಿ ಬರಬೇಕು ಅಂತ ವಾದ ಮಾಡಬಹುದು. ಕೆಲಸವೇ ಇಲ್ಲದ ಮೇಲೆ ಗೈರುಹಾಜರಿ ಎಲ್ಲಿಂದ ಬಂತು ಅಂತ ಸಂಘದವರೂ ಕೇಳಬಹುದು. ಎರಡು ತಿಂಗಳ ಮಗುವನ್ನು ಇಟ್ಟುಕೊಂಡು ಆ ವಾದಕ್ಕೆ ಇಳಿಯುವುದು ಯಾಕೆ? ಕೊನೆಯ ದಿನವನ್ನು ರಜೆಯ ಆಚೆಗೆ ಇಟ್ಟರೆ ಆ ಪ್ರಶ್ನೆಯೇ ಏಳುವುದಿಲ್ಲ.

ಇನ್ನೊಂದು ವಿಷಯ ಹೇಳಲೇಬೇಕು. ಹೆರಿಗೆಗೆ ಮುಂಚಿನ ಅವಧಿಯ ಹಣವನ್ನು ಮುಂಗಡವಾಗಿ ಕೊಡಬೇಕು. ಹೆರಿಗೆಯ ದಾಖಲೆ ಕೊಟ್ಟ 48 ಗಂಟೆಯೊಳಗೆ ಉಳಿದ ಅವಧಿಯ ಹಣ ಕೊಡಬೇಕು. ಕಾಯ್ದೆ ಹೇಳಿದ್ದು ಹಾಗೆ. ನಾನು ಕಂಡ ಕಚೇರಿಗಳೆಲ್ಲ ತಿಂಗಳು ತಿಂಗಳು ಸಂಬಳದಂತೆಯೇ ಹಾಕುತ್ತಿದ್ದವು, ಲತಾಳ ಸಂಘವೂ ಅಷ್ಟೇ. ಹೆಂಗಸರಿಗೂ ಅದೇ ಅಭ್ಯಾಸ, ಯಾರೂ ಕೇಳುವುದಿಲ್ಲ. ಆದರೆ ನಡುವೆ ಕೆಲಸ ಬಿಡುವ ಮಾತು ಬಂದಾಗ ಈ ಅಭ್ಯಾಸವೇ ಮುಳ್ಳಾಗುತ್ತದೆ. ಆಗಲೇ ಕೈ ಸೇರಬೇಕಾದ ಹಣ ಇನ್ನೂ ಮಾಲೀಕರ ಹತ್ತಿರವೇ ಇರುತ್ತದೆ.

ಹೀಗಾಗಿ ಮೊದಲ ತೀರ್ಮಾನ ಇಷ್ಟೇ: ಈಗ ಏನೂ ಬರೆಯಬೇಡ, ಸುಮ್ನೆ ಇರು. ಲತಾಳಿಗೆ ಇದು ಕಷ್ಟವಾಯಿತು. "ಬಿಡೋದು ಗ್ಯಾರಂಟಿ ಅಂತ ಗೊತ್ತಿದ್ದೂ ಸಂಬಳ ತಗೊಳ್ಳೋದು ಸರಿಯಾ ಅಕ್ಕಾ?" ಅಂತ ಕೇಳಿದಳು. ಅವಳ ಮನಸ್ಸು ಒಳ್ಳೆಯದು, ಅದಕ್ಕೇ ಹಾಗೆ ಕೇಳಿದಳು. ನಾನು ಹೇಳಿದ್ದು ಇದು: ಈ ಹಣ ಮುಂದೆ ಮಾಡುವ ಕೆಲಸಕ್ಕೆ ಕೊಡುವ ಮುಂಗಡ ಅಲ್ಲ. ನಿನ್ನ ಹೆರಿಗೆಗೆ, ನೀನು ಈಗಾಗಲೇ ಮಾಡಿದ ಕೆಲಸದ ಆಧಾರದ ಮೇಲೆ ಬಂದದ್ದು. ರಜೆಗೆ ಹೋಗುವ ಹಿಂದಿನ ಮೂರು ತಿಂಗಳ ಸಂಬಳದ ಸರಾಸರಿಯಲ್ಲಿ ಇದನ್ನು ಲೆಕ್ಕ ಹಾಕುವುದು. ನಿನ್ನ ಲೆಕ್ಕಕ್ಕೆ ಜನವರಿ, ಫೆಬ್ರವರಿ, ಮಾರ್ಚ್ ತಿಂಗಳ ದುಡಿಮೆ.

ಅಷ್ಟರಲ್ಲಿ ಗುಮಾಸ್ತರ ಮೂಲಕ ಸುದ್ದಿ ಕಾರ್ಯದರ್ಶಿಗಳ ಕಿವಿಗೆ ಬಿದ್ದಿತ್ತು. ಆಗಸ್ಟ್ ಮೊದಲ ವಾರ ಅವರೇ ಫೋನ್ ಮಾಡಿದರು. ಲತಾ ಸ್ಪೀಕರ್ ಹಾಕಿದಳು. ಮಾತು ಮರ್ಯಾದೆಯದ್ದೇ, ಆದರೆ ಮೂರು ಕೊಕ್ಕೆ ಇತ್ತು. "ನೋಡಮ್ಮಾ, ರಜೆ ಮುಗಿಸಿ ವಾಪಸ್ ಬರಲ್ಲ ಅಂದ್ರೆ ಕೊಟ್ಟ ರಜೆ ಸಂಬಳ ವಾಪಸ್ ಕಟ್ಟಬೇಕಾಗುತ್ತೆ. ರೂಲ್ ಇದೆ. ಗ್ರಾಚ್ಯುಟಿಗೆ ಈ ಆರು ತಿಂಗಳು ಸೇರಲ್ಲ. ನೋಟಿಸ್ ಪೀರಿಯಡ್ ಅಂತೂ ರಜೆಯಲ್ಲಿ ಓಡಲ್ಲ."

"ಸರ್, ಆ ರೂಲ್ ಯಾವುದು ಅಂತ ಬರವಣಿಗೆಯಲ್ಲಿ ಕೊಡ್ತೀರಾ?" ಅಂದಳು ಲತಾ. ಅದೊಂದೇ ಪ್ರಶ್ನೆ ಕೇಳು, ವಾದ ಬೇಡ ಅಂತ ನಾನು ಮೊದಲೇ ಹೇಳಿದ್ದೆ.

ವಾರದ ನಂತರ ಸೇವಾ ನಿಯಮದ ಒಂದು ಪುಟದ ಫೋಟೋ ಬಂತು. ಅದರಲ್ಲಿ ಇದ್ದದ್ದು: ದೀರ್ಘ ರಜೆಯ ನಂತರ ಆರು ತಿಂಗಳು ಸೇವೆ ಸಲ್ಲಿಸದೆ ಬಿಟ್ಟರೆ ರಜೆ ವೇತನ ಮರುಪಾವತಿಸಬೇಕು. ಹಿಂದಿನ ಸಾಲು ಓದಿದರೆ ಅದು ಓದಿಗೆಂದು ಕೊಡುವ ರಜೆಯ ಬಗ್ಗೆ ಅಂತ ಸ್ಪಷ್ಟವಾಗಿ ಗೊತ್ತಾಗುತ್ತಿತ್ತು. ಒಂದು ವೇಳೆ ಹೆರಿಗೆ ರಜೆಗೂ ಅಂತ ಬರೆದಿದ್ದರೂ ನಿಲ್ಲುತ್ತಿರಲಿಲ್ಲ. ಕಾಯ್ದೆ ಕೊಟ್ಟದ್ದಕ್ಕಿಂತ ಕಡಿಮೆ ಕೊಡುವ ಯಾವ ಕರಾರೂ, ಸೇವಾ ನಿಯಮವೂ ನಡೆಯುವುದಿಲ್ಲ ಅಂತ ಅದೇ ಕಾಯ್ದೆಯ 27ನೇ ಕಲಂ ಹೇಳುತ್ತಿತ್ತು. ಸಂಸ್ಥೆ 26 ವಾರದ ಮೇಲೆ ತನ್ನ ಕೈಯಿಂದ ಹೆಚ್ಚುವರಿ ರಜೆ ಕೊಟ್ಟು, ಅದಕ್ಕೆ ವಾಪಸ್ ಬರಬೇಕು ಅಂತ ಷರತ್ತು ಹಾಕಿದ್ದರೆ ಮಾತು ಬೇರೆ. ಅದು ಅವರ ಕೊಡುಗೆ, ಷರತ್ತೂ ಅವರದು. ಲತಾಳ ವಿಷಯದಲ್ಲಿ ಅಂಥದ್ದು ಏನೂ ಇರಲಿಲ್ಲ.

ಗ್ರಾಚ್ಯುಟಿ ಮಾತಂತೂ ಪೂರಾ ತಪ್ಪು. ಸಂಬಳ ಸಹಿತ ಹೆರಿಗೆ ರಜೆಯನ್ನು 26 ವಾರದವರೆಗೆ ನಿರಂತರ ಸೇವೆಯಲ್ಲೇ ಎಣಿಸಬೇಕು. ಮೊದಲು ಇದು 12 ವಾರ ಇತ್ತು, 2018ರಲ್ಲಿ ಹೆಚ್ಚಿಸಿದರು. ಹಳೆಯ ಲೆಕ್ಕವನ್ನೇ ನೆನಪಿಟ್ಟುಕೊಂಡವರು ಇನ್ನೂ ಇದ್ದಾರೆ.

ಮೂರನೆಯದು, ಸೂಚನೆಯ ಅವಧಿ. ಇದರಲ್ಲಿ ಮಾತ್ರ ಕಾರ್ಯದರ್ಶಿಗಳ ಮಾತನ್ನು ತಳ್ಳಿಹಾಕಲು ಆಗುತ್ತಿರಲಿಲ್ಲ. ಇದು ಕರಾರಿನ ಪ್ರಶ್ನೆ. ಕೆಲವು ಸಂಸ್ಥೆಗಳ ನೇಮಕಾತಿ ಆದೇಶದಲ್ಲಿ "ಸೂಚನೆಯ ಅವಧಿಯನ್ನು ರಜೆಯೊಂದಿಗೆ ಹೊಂದಿಸಲಾಗದು" ಅಂತ ಇರುತ್ತದೆ. ಹಾಗಿದ್ದರೆ ರಜೆ ಮುಗಿದ ಮೇಲೆ ಒಂದು ತಿಂಗಳು ಹೋಗಿ ಬರಬೇಕು, ಇಲ್ಲವೇ ಆ ಸಂಬಳ ಕಟ್ಟಬೇಕು. ಲತಾಳ ಆದೇಶವನ್ನು ಎರಡು ಸಲ ಓದಿದೆ. "ಒಂದು ತಿಂಗಳ ಲಿಖಿತ ಮುಂಚಿತ ಸೂಚನೆ" ಅಂತ ಮಾತ್ರ ಇತ್ತು, ರಜೆಯ ಸುದ್ದಿಯೇ ಇಲ್ಲ. ಆದರೂ ನಾನೊಂದು ದಾರಿ ಹೇಳಿದೆ: ರಜೆ ಮುಗಿದ ಮಾರನೇ ದಿನ ಒಂದು ದಿನ ಕೆಲಸಕ್ಕೆ ಹೋಗು, ಚಾರ್ಜ್ ವಹಿಸಿಕೊಡು, ಅದನ್ನೇ ಕೊನೆಯ ದಿನ ಮಾಡು. ಅಕ್ಟೋಬರ್ 14, ಸೋಮವಾರ, ದಸರಾ ರಜೆ ಕಳೆದ ಮೇಲಿನ ಮೊದಲ ಕೆಲಸದ ದಿನ. ಆಗ ರಜೆ ಪೂರ್ತಿ ಮುಗಿದಿರುತ್ತದೆ, ಐದು ವರ್ಷವೂ ತುಂಬಿರುತ್ತದೆ, ವಾಪಸ್ ಬರಲೇ ಇಲ್ಲ ಅನ್ನುವ ಮಾತಿಗೂ ಜಾಗ ಇರುವುದಿಲ್ಲ.

ಸೆಪ್ಟೆಂಬರ್ 13ಕ್ಕೆ ಕೊಟ್ಟ ಪತ್ರ ನಾಲ್ಕನೇ ಕರಡು. ಮುಖ್ಯ ಭಾಗವನ್ನು ಹಾಗೇ ಕೊಡುತ್ತೇನೆ:

"ವಿಷಯ: ಲೆಕ್ಕಿಗರ ಹುದ್ದೆಗೆ ರಾಜೀನಾಮೆ ಮತ್ತು ಈಗಾಗಲೇ ಗಳಿಸಿರುವ ಸೌಲಭ್ಯಗಳ ಪಾವತಿ ಕುರಿತು.

ನಾನು 02-09-2019ರಿಂದ ಸಂಘದಲ್ಲಿ ನಿರಂತರವಾಗಿ ಸೇವೆ ಸಲ್ಲಿಸುತ್ತಿದ್ದು, 15-04-2024ರಿಂದ 13-10-2024ರವರೆಗೆ ಮಂಜೂರಾದ ಹೆರಿಗೆ ರಜೆಯಲ್ಲಿದ್ದೇನೆ. ಕುಟುಂಬದ ಕಾರಣದಿಂದ ಹುದ್ದೆಗೆ ರಾಜೀನಾಮೆ ಸಲ್ಲಿಸುತ್ತಿದ್ದೇನೆ. ಈ ಪತ್ರವನ್ನು ನೇಮಕಾತಿ ಆದೇಶದಂತೆ ಒಂದು ತಿಂಗಳ ಮುಂಚಿತ ಸೂಚನೆಯೆಂದು ಪರಿಗಣಿಸಿ, 14-10-2024ರ ಕೆಲಸದ ವೇಳೆ ಮುಗಿದ ನಂತರ ನನ್ನನ್ನು ಬಿಡುಗಡೆ ಮಾಡಬೇಕೆಂದು ಕೋರುತ್ತೇನೆ. ಅಂದು ಹಾಜರಾಗಿ ಚಾರ್ಜ್ ವಹಿಸಿಕೊಡುತ್ತೇನೆ.

ಬಿಡುಗಡೆಯ ದಿನದವರೆಗೆ ನಾನು ಗಳಿಸಿರುವ ಯಾವ ಸೌಲಭ್ಯವನ್ನೂ ಈ ರಾಜೀನಾಮೆಯ ಮೂಲಕ ಬಿಟ್ಟುಕೊಡುತ್ತಿಲ್ಲ. 13-10-2024ರವರೆಗಿನ ಹೆರಿಗೆ ಸೌಲಭ್ಯದ ಬಾಕಿ, 3,500 ರೂ. ವೈದ್ಯಕೀಯ ಬೋನಸ್, 14-10-2024ರ ಒಂದು ದಿನದ ವೇತನ, ನನ್ನ ಖಾತೆಯಲ್ಲಿರುವ 18 ದಿನಗಳ ಗಳಿಕೆ ರಜೆಯ ನಗದೀಕರಣ ಮತ್ತು ಐದು ವರ್ಷಗಳ ಸೇವೆಯ ಗ್ರಾಚ್ಯುಟಿ ಇವುಗಳಲ್ಲಿ ಸೇರಿವೆ. ಹಬ್ಬದ ಮುಂಗಡದಲ್ಲಿ ಉಳಿದಿರುವ 4,000 ರೂ. ಅನ್ನು ಅಂತಿಮ ಲೆಕ್ಕದಲ್ಲಿ ಕಳೆಯಲು ನನ್ನ ಒಪ್ಪಿಗೆ ಇದೆ."

ಇದರಲ್ಲಿ ಒಂದೊಂದು ಪದಕ್ಕೂ ಕಾರಣ ಇದೆ. ಲತಾಳ ಎರಡನೇ ಕರಡಿನಲ್ಲಿ "ಸೌಲಭ್ಯಗಳನ್ನು ದಯಪಾಲಿಸಬೇಕಾಗಿ ವಿನಂತಿ" ಅಂತ ಇತ್ತು. ನಾನು ಅದನ್ನು ಹೊಡೆದು ಹಾಕಿದೆ. ವಿನಂತಿ ಅಂದರೆ ಅವರು ಒಪ್ಪಬಹುದು, ಬಿಡಬಹುದು. "ಗಳಿಸಿರುವ" ಅಂದರೆ ಹಕ್ಕು ಆಗಲೇ ಹುಟ್ಟಿದೆ, ಕೊಡುವುದಷ್ಟೇ ಬಾಕಿ. ಬಿಡುಗಡೆ ಕೇಳುವಾಗ "ಕೋರುತ್ತೇನೆ" ಇರಲಿ, ಅದು ಮರ್ಯಾದೆ. ಹಣದ ಸಾಲಿನಲ್ಲಿ ಬೇಡ.

ಮೂರನೇ ಕರಡಿನಲ್ಲಿ "ನಿಯಮಾನುಸಾರ ಬರಬೇಕಾದ ಎಲ್ಲ ಸೌಲಭ್ಯಗಳು" ಅಂತ ಒಂದೇ ಮಾತಲ್ಲಿ ಮುಗಿಸಿದ್ದಳು. ನೋಡಲು ಚೆನ್ನಾಗಿದೆ, ಆದರೆ ಯಾವ ನಿಯಮ, ಯಾವ ಸೌಲಭ್ಯ? ಹೆಸರು ಹಿಡಿದು ಬರೆದರೆ ಉತ್ತರವೂ ಹೆಸರು ಹಿಡಿದೇ ಬರಬೇಕಾಗುತ್ತದೆ. ವೈದ್ಯಕೀಯ ಬೋನಸ್ ಹೀಗೆ ಬರೆಯಲು ಹೋದಾಗಲೇ ನೆನಪಾದದ್ದು. ಹೆರಿಗೆಗೆ ಮುಂಚೆ ಮತ್ತು ನಂತರ ಮಾಲೀಕರು ಉಚಿತ ವೈದ್ಯಕೀಯ ಆರೈಕೆ ಕೊಡದಿದ್ದರೆ ಈ 3,500 ರೂಪಾಯಿ ಕೊಡಬೇಕು. ಸಂಘ ಆರೈಕೆಯನ್ನೂ ಕೊಟ್ಟಿರಲಿಲ್ಲ, ಬೋನಸ್ಸನ್ನೂ ಕೊಟ್ಟಿರಲಿಲ್ಲ. ಸಣ್ಣ ಮೊತ್ತ ಅಂತ ಬಿಡುವವರೇ ಜಾಸ್ತಿ.

ಹಬ್ಬದ ಮುಂಗಡವನ್ನು ನಾವೇ ಬರೆದದ್ದು ಬೇಕಂತಲೇ. ಕಳೆಯಬೇಕಾದ್ದು ಇಷ್ಟೇ ಅಂತ ಅಂಕಿ ಸಮೇತ ಹೇಳಿಬಿಟ್ಟರೆ ಆಮೇಲೆ ಬೇರೆ ಕಡಿತ ಸೇರಿಸುವುದು ಕಷ್ಟ.

ಎರಡು ಪ್ರತಿ ತೆಗೆದು ಲತಾಳ ಗಂಡ ಸಂಘಕ್ಕೆ ಹೋಗಿ, ಒಂದರ ಮೇಲೆ ಮೊಹರು, ತಾರೀಖು, ಸಹಿ ಹಾಕಿಸಿಕೊಂಡು ಬಂದರು. ಅದೇ ದಿನ ಕಾರ್ಯದರ್ಶಿಗಳ ಇಮೇಲಿಗೂ ಹೋಯಿತು. ಒಂದು ತಿಂಗಳ ಸೂಚನೆ ಎಂದಿನಿಂದ ಶುರು ಅನ್ನುವುದಕ್ಕೆ ಆ ಮೊಹರೇ ಸಾಕ್ಷಿ.

ಆ ನಡುವೆ ಒಂದು ಎಡವಟ್ಟು ಆಗುವುದರಲ್ಲಿತ್ತು. ಪರಿಚಯದ ಅಂಗಡಿಯೊಂದರವರು ಸೆಪ್ಟೆಂಬರಿನಲ್ಲೇ ಮನೆಯಿಂದ ಜಿಎಸ್‌ಟಿ ಲೆಕ್ಕ ಬರೆದುಕೊಡು, ತಿಂಗಳಿಗೆ 8,000 ಕೊಡುತ್ತೇವೆ ಅಂದರು. ಮಗು ಮಲಗಿದಾಗ ಮಾಡಬಹುದಲ್ವಾ ಅಂತ ಲತಾಳಿಗೂ ಆಸೆ. ಬೇಡ ಅಂದೆ. ಮಂಜೂರಾದ ರಜೆಯ ಅವಧಿಯಲ್ಲಿ ಬೇರೆ ಯಾವುದೇ ಸಂಸ್ಥೆಯಲ್ಲಿ ಕೆಲಸ ಮಾಡಿದರೆ ಆ ಅವಧಿಯ ಹೆರಿಗೆ ಸೌಲಭ್ಯ ಕಳೆದುಕೊಳ್ಳಬೇಕಾಗುತ್ತದೆ ಅಂತ ಕಾಯ್ದೆ ನೇರವಾಗಿ ಹೇಳುತ್ತದೆ. ಎಂಟು ಸಾವಿರದ ಆಸೆಗೆ ಮೂವತ್ತಾರು ಸಾವಿರ ಅಪಾಯಕ್ಕೆ ಬೀಳುತ್ತಿತ್ತು. ಅಂಗಡಿಯವರು ಅಕ್ಟೋಬರ್ ಮೂರನೇ ವಾರದವರೆಗೆ ಕಾಯಲು ಒಪ್ಪಿದರು.

ಸಂಘದಿಂದ ಹತ್ತು ದಿನ ಉತ್ತರ ಇಲ್ಲ. ಆಮೇಲೆ ಕಾರ್ಯದರ್ಶಿಗಳು ತಮ್ಮ ಆಡಿಟರನ್ನು ಕೇಳಿದರಂತೆ. ಸೆಪ್ಟೆಂಬರ್ ಕೊನೆಗೆ ಅಂಗೀಕಾರ ಪತ್ರ ಬಂತು: 14-10-2024ರಂದು ಬಿಡುಗಡೆ, ಸೌಲಭ್ಯಗಳನ್ನು ಅಂತಿಮ ಲೆಕ್ಕದಲ್ಲಿ ಪಾವತಿಸಲಾಗುವುದು. ರಜೆ ಸಂಬಳ ವಾಪಸಾತಿಯ ಮಾತು ಮತ್ತೆ ಬರಲಿಲ್ಲ. ಬಂದಿದ್ದರೆ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನಕ್ಕೆ ಹೋಗಿ ದೂರು ಕೊಡುವುದಕ್ಕೆ ಕಾಗದಗಳನ್ನು ಫೈಲ್ ಮಾಡಿಟ್ಟಿದ್ದೆವು.

ಇದೆಲ್ಲ 2024ರ ಮಾತು. 2025ರ ನವೆಂಬರ್ 21ರಿಂದ ಹೆರಿಗೆ ಸೌಲಭ್ಯ ಮತ್ತು ಗ್ರಾಚ್ಯುಟಿ ಕಾಯ್ದೆಗಳ ಜಾಗಕ್ಕೆ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ. 26 ವಾರ, 80 ದಿನ, ಕಾಯಂ ನೌಕರರ ಗ್ರಾಚ್ಯುಟಿಗೆ ಐದು ವರ್ಷ, ಇವೆಲ್ಲ ಹಾಗೇ ಇವೆ. ನಿಗದಿತ ಅವಧಿಯ ಕರಾರಿನ ಮೇಲೆ ಇರುವವರಿಗೆ ಮಾತ್ರ ಗ್ರಾಚ್ಯುಟಿ ಒಂದು ವರ್ಷಕ್ಕೇ ಸಿಗುತ್ತದೆ. ಈಗ ಪತ್ರ ಬರೆಯುವವರು ಕಾಯ್ದೆಯ ಹೆಸರು, ಕಲಂ ಸಂಖ್ಯೆ ಹಾಕುವುದಾದರೆ ಹೊಸದನ್ನು ನೋಡಿ ಹಾಕಬೇಕು. ಲತಾಳ ಪತ್ರದಲ್ಲಿ ಕಲಂ ಸಂಖ್ಯೆಯೇ ಇಲ್ಲ, ಹಾಗಾಗಿ ಅದರ ಮಾತು ಇವತ್ತಿಗೂ ನಡೆಯುತ್ತದೆ. ಗಾರ್ಮೆಂಟ್ಸ್ ಹುಡುಗಿಯರ ಹಾಗೆ ಇಎಸ್‌ಐ ಇರುವವರ ದಾರಿ ಬೇರೆ. ಅವರಿಗೆ ಹೆರಿಗೆ ಹಣ ಕೊಡುವುದು ಇಎಸ್‌ಐ ನಿಗಮ, ಮಾಲೀಕರಲ್ಲ.

ಅಕ್ಟೋಬರ್ 14ರ ಬೆಳಿಗ್ಗೆ ಲತಾ ಮಗುವನ್ನು ನನ್ನ ಹತ್ತಿರ ಬಿಟ್ಟು ಹೋದಳು. ಮಧ್ಯಾಹ್ನ ಒಂದು ಸಲ ಆಟೋದಲ್ಲಿ ಬಂದು ಹಾಲು ಕುಡಿಸಿ ಮತ್ತೆ ಹೋದಳು. ಬೀರುವಿನ ಕೀಲಿ, ಎರಡು ಲೆಡ್ಜರು, ಪಾಸ್‌ವರ್ಡು ಬರೆದ ಲಕೋಟೆ, ಎಲ್ಲವನ್ನೂ ಒಂದು ಪಟ್ಟಿ ಮಾಡಿ ಸಹಿ ತೆಗೆದುಕೊಂಡಳು. ಸಂಜೆ ಅವಳ ಮುಂದೆ ಒಂದು ವೋಚರ್ ಇಟ್ಟರು. ರಜೆ ಸಂಬಳದ ಬಾಕಿ, ಗಳಿಕೆ ರಜೆ, ವೈದ್ಯಕೀಯ ಬೋನಸ್, ಒಂದು ದಿನದ ವೇತನ, ನಾಲ್ಕು ಸಾವಿರ ಕಡಿತ. ಎಲ್ಲ ಸರಿ ಇತ್ತು. ಕೆಳಗೆ ಅಚ್ಚಾಗಿದ್ದ ಸಾಲು: "ಪೂರ್ಣ ಮತ್ತು ಅಂತಿಮ ಪಾವತಿ, ಇನ್ನು ಯಾವುದೇ ಬಾಕಿ ಇರುವುದಿಲ್ಲ." ಜುಲೈ ತಿಂಗಳ ಅದೇ ವಾಕ್ಯ ಬೇರೆ ಕಾಗದದಲ್ಲಿ ಬಂದಿತ್ತು. ಗ್ರಾಚ್ಯುಟಿ ಅದರಲ್ಲಿ ಇರಲಿಲ್ಲ.

ಲತಾ ನನಗೆ ಫೋನ್ ಮಾಡಲಿಲ್ಲ. ಆ ಸಾಲಿನ ಪಕ್ಕದಲ್ಲಿ ಪೆನ್ನಿನಿಂದ "ಗ್ರಾಚ್ಯುಟಿ ಹೊರತುಪಡಿಸಿ" ಅಂತ ಬರೆದು, ಅದರ ಕೆಳಗೇ ಸಹಿ ಮಾಡಿದಳು. ವೋಚರಿನ ಫೋಟೋ ತೆಗೆದುಕೊಂಡಳು. ಅಲ್ಲೇ ಕೂತು ಗ್ರಾಚ್ಯುಟಿಯ ಅರ್ಜಿ ನಮೂನೆ ತುಂಬಿ ಮೊಹರು ಹಾಕಿಸಿಕೊಂಡಳು. ಅರ್ಜಿಗೆ 30 ದಿನದ ಗಡುವು ಇದೆ, ಆದರೆ ಅಂದೇ ಕೊಟ್ಟರೆ ಸಂಘ ಹಣ ಕೊಡಬೇಕಾದ 30 ದಿನದ ಬಗ್ಗೆ ತಕರಾರು ಇರುವುದಿಲ್ಲ. ಆ ಗಡುವು ಮೀರಿದರೆ ಅವರು ಬಡ್ಡಿಯನ್ನೂ ಸೇರಿಸಿ ಕೊಡಬೇಕು.

ನವೆಂಬರ್ ಎರಡನೇ ವಾರ, ಗಡುವಿಗೆ ಎರಡು ದಿನ ಮುಂಚೆ, ಅವಳ ಖಾತೆಗೆ 60,000 ರೂಪಾಯಿ ಬಂತು. ಪಿಎಫ್ ಖಾತೆಯಲ್ಲಿ ಕೆಲಸ ಬಿಟ್ಟ ದಿನಾಂಕ 14-10-2024 ಅಂತ ನಮೂದಾಗಿದೆಯಾ ಅಂತ ಅದೇ ಸಂಜೆ ಇಬ್ಬರೂ ಕೂತು ನೋಡಿದೆವು. ಆಗಿತ್ತು.